ಬೇಟೆಗಾರನ ಪಕ್ಷದ ಪಿಯಾನೊ

ಬೆನ್ನಟ್ಟುವ ದೃಶ್ಯಕ್ಕೆ ಸಂಗೀತ ಬರೆಯುವವರು ಸಾಮಾನ್ಯವಾಗಿ ಓಡುವವನ ಜೊತೆಗೇ ಓಡುತ್ತಾರೆ. ಅವನ ಎದೆಬಡಿತ, ಏದುಸಿರು, ಇನ್ನೇನು ಸಿಕ್ಕಿಬಿದ್ದ ಅನ್ನಿಸುವ ಕ್ಷಣ, ಕೊನೆಗೆ ತಪ್ಪಿಸಿಕೊಂಡ ನಿರಾಳ, ಎಲ್ಲವೂ ವಾದ್ಯಗಳಲ್ಲಿ ಕೇಳಿಸುತ್ತವೆ. ಜೆರ್ರಿ ಗೋಲ್ಡ್‌ಸ್ಮಿತ್ 1968ರ ‘ಪ್ಲಾನೆಟ್ ಆಫ್ ದಿ ಏಪ್ಸ್’ ಚಿತ್ರಕ್ಕೆ ಬರೆದ ‘ದಿ ಹಂಟ್’ ಎಂಬ ಐದು ನಿಮಿಷದಷ್ಟು ಉದ್ದದ ವಾದ್ಯಸಂಗೀತ ಈ ರೂಢಿಯನ್ನು ಕೈಬಿಟ್ಟಿದೆ. ಅದು ನಿಂತಿರುವುದು ಅಟ್ಟಿಸಿಕೊಂಡು ಬರುವವರ ಕಡೆ. ಓಡುವವರ ಬಗ್ಗೆ ಅದಕ್ಕೆ ಕನಿಕರವೂ ಇಲ್ಲ, ದ್ವೇಷವೂ ಇಲ್ಲ. ಬೆನ್ನಟ್ಟುವ ಸಂಗೀತಗಳಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ ಸಿಗಬೇಕು ಎಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ದೃಶ್ಯವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಗುರುತಿಲ್ಲದ ನೆಲದಲ್ಲಿ ಇಳಿದ ಮೂವರು ಗಗನಯಾನಿಗಳು ಮರುಭೂಮಿ ದಾಟಿ ಹಸಿರು ಕಾಣುತ್ತಾರೆ. ಅಲ್ಲಿ ಮಾತು ಬಾರದ ಮನುಷ್ಯರ ಗುಂಪೊಂದು ಹೊಲಕ್ಕೆ ನುಗ್ಗಿ ಜೋಳದ ತೆನೆ ಮುರಿದು ತಿನ್ನುತ್ತಿದೆ. ಎಲ್ಲಿಂದಲೋ ಸದ್ದು ಕೇಳಿ ಗುಂಪು ಗಕ್ಕನೆ ನಿಲ್ಲುತ್ತದೆ, ಮರುಕ್ಷಣ ದಿಕ್ಕಾಪಾಲಾಗಿ ಓಡುತ್ತದೆ. ಬೆನ್ನಟ್ಟುವವರು ಯಾರೆಂದು ನಿರ್ದೇಶಕ ಫ್ರಾಂಕ್ಲಿನ್ ಶಾಫ್ನರ್ ಕೂಡಲೇ ತೋರಿಸುವುದಿಲ್ಲ. ಪೈರಿನ ಮೇಲೆ ಅಲ್ಲಾಡುವ ಉದ್ದನೆಯ ಕೋಲುಗಳು, ಕುದುರೆಯ ಕಾಲುಗಳು, ಬಂದೂಕಿನ ಹೊಗೆ ಇಷ್ಟೇ ಕಾಣುವುದು. ಆಮೇಲೆ ಕುದುರೆಯ ಮೇಲೆ ಕುಳಿತವನು ನಮ್ಮತ್ತ ತಿರುಗುತ್ತಾನೆ, ಕ್ಯಾಮೆರಾ ಅವನ ಮುಖಕ್ಕೆ ಧಾವಿಸುತ್ತದೆ. ಅದು ಗೊರಿಲ್ಲಾ. ಚಿತ್ರ ಶುರುವಾಗಿ ಅರ್ಧ ಗಂಟೆಯಷ್ಟು ಕಳೆದ ಮೇಲೆ ಏಪ್‌ಗಳು ನಮಗೆ ಮೊದಲು ಕಾಣುವುದು ಇಲ್ಲಿಯೇ.

ಈ ಓಟದ ಅಡಿಯಲ್ಲಿ ಇರುವುದು ಪಿಯಾನೊ. ಆದರೆ ರಾಗ ನುಡಿಸುವ ಪಿಯಾನೊ ಅಲ್ಲ. ಕೆಳಸ್ಥಾಯಿಯ ಭಾರವಾದ ಸ್ವರಗಳಲ್ಲಿ ಒಂದು ಗಿಡ್ಡ ನುಡಿಕಟ್ಟನ್ನು ಹಿಡಿದು ಅದನ್ನೇ ಕುಟ್ಟುತ್ತ ಹೋಗುತ್ತದೆ. ತಂತಿಯ ನಾದಕ್ಕಿಂತ ತಂತಿಗೆ ಬೀಳುವ ಸುತ್ತಿಗೆಯ ಏಟೇ ಮೊದಲು ಕಿವಿಗೆ ತಟ್ಟುತ್ತದೆ. ಹೀಗೆ ಪಿಯಾನೊವನ್ನು ತಾಳವಾದ್ಯದಂತೆ ಬಳಸುವುದು ಗೋಲ್ಡ್‌ಸ್ಮಿತ್ ಕಂಡುಹಿಡಿದ ದಾರಿಯಲ್ಲ. ಬಾರ್ಟಾಕ್ ಮತ್ತು ಸ್ಟ್ರಾವಿನ್‌ಸ್ಕಿ ಅದನ್ನು ಮೊದಲೇ ಮಾಡಿದ್ದರು. ಇಲ್ಲಿ ಹೊಸದು ಅದನ್ನು ಬಳಸಿದ ಉದ್ದೇಶ. ದೃಶ್ಯ ಒಬ್ಬನಿಂದ ಇನ್ನೊಬ್ಬನಿಗೆ ಹಾರುತ್ತಿರುತ್ತದೆ, ಒಬ್ಬ ಗುಂಡು ತಗುಲಿ ಬೀಳುತ್ತಾನೆ, ಇನ್ನೊಬ್ಬ ಬಲೆಗೆ ಸಿಕ್ಕುತ್ತಾನೆ. ಪಿಯಾನೊ ಅದಾವುದಕ್ಕೂ ತಲೆ ಎತ್ತಿ ನೋಡುವುದಿಲ್ಲ. ಒಬ್ಬ ಬಿದ್ದ ಎಂದು ನುಡಿಕಟ್ಟು ತಡವರಿಸಿದ್ದರೆ ಅದು ಬಿದ್ದವನ ಸಂಗೀತವಾಗುತ್ತಿತ್ತು. ತಡವರಿಸದೆ ಮುಂದಕ್ಕೆ ಹೋಗುವುದರಿಂದ ಅದು ಕೆಲಸ ಮುಗಿಸಲು ಬಂದವರ ಸಂಗೀತವಾಗಿದೆ.

ಇದಕ್ಕೆ ಇನ್ನೊಂದು ಬೆಂಬಲವಿದೆ. ಈ ಚಿತ್ರದ ಸಂಗೀತದಲ್ಲಿ ಗೋಲ್ಡ್‌ಸ್ಮಿತ್ ಹನ್ನೆರಡು ಸ್ವರಗಳಿಗೂ ಸಮಾನ ಸ್ಥಾನ ಕೊಡುವ ಪದ್ಧತಿಯನ್ನು ಧಾರಾಳವಾಗಿ ಬಳಸಿದ್ದಾರೆ. ಅಂದರೆ ಆಧಾರಷಡ್ಜ ಎಂದು ಒಂದು ಸ್ವರ ನಮ್ಮ ಕಿವಿಯಲ್ಲಿ ನೆಲೆಗೊಳ್ಳುವುದಿಲ್ಲ. ಷಡ್ಜ ಗೊತ್ತಿದ್ದರೆ ಎಷ್ಟು ದೂರ ಅಲೆದರೂ ಮರಳಿ ಅಲ್ಲಿಗೇ ಬರುತ್ತೇವೆ ಎಂಬ ಭರವಸೆ ಕೇಳುಗನಲ್ಲಿ ಇರುತ್ತದೆ, ಬೆನ್ನಟ್ಟುವ ಸಂಗೀತದಲ್ಲಿ ಆ ಭರವಸೆಯೇ ನಾಯಕ ಬದುಕುತ್ತಾನೆ ಎಂಬ ಮುನ್ಸೂಚನೆಯೂ ಆಗಿಬಿಡುತ್ತದೆ. ಇಲ್ಲಿ ಅಂಥ ಮನೆಯೇ ಇಲ್ಲ.

ಹಾಗಾದರೆ ಒಂದೇ ನುಡಿಕಟ್ಟು ಐದು ನಿಮಿಷ ಬೇಸರ ತರದೆ ಇರುವುದು ಹೇಗೆ? ಕಾರಣ, ಅದು ಮೇಲ್ನೋಟಕ್ಕಷ್ಟೇ ಒಂದೇ. ಮೃದಂಗದ ತನಿ ಆವರ್ತನ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ತಾಳ ಕದಲುವುದಿಲ್ಲ, ಆದರೆ ಪೆಟ್ಟು ಬೀಳುವ ಜಾಗ ಕದಲುತ್ತದೆ, ಕೈ ಹಾಕುತ್ತ ಕುಳಿತವರು ಒಂದು ಕ್ಷಣ ಲೆಕ್ಕ ತಪ್ಪುತ್ತಾರೆ. ‘ದಿ ಹಂಟ್’ನಲ್ಲೂ ಹಿಂದೆ ಓಡುವ ಲಯ ಸ್ಥಿರ. ಅದರ ಮೇಲೆ ಬೀಳುವ ಒತ್ತು ಮಾತ್ರ ನಿರೀಕ್ಷಿಸಿದ ಕಡೆ ಬೀಳದೆ ಹಿಂದಕ್ಕೋ ಮುಂದಕ್ಕೋ ಸರಿದಿರುತ್ತದೆ. ವೇಗ ಹೆಚ್ಚಿಸದೆಯೇ ಅವಸರ ಹೆಚ್ಚಾದಂತೆ ಅನ್ನಿಸುವುದು ಈ ಸರಿದಾಟದಿಂದ.

ಇದರ ಹಿಂದೆ ಅಂದಿನ ಸಿನಿಮಾ ಸಂಗೀತದ ಒಂದು ಲೆಕ್ಕಾಚಾರವಿದೆ. ಅದನ್ನು ತಿಳಿದರೆ ಕೇಳುವ ಬಗೆಯೇ ಬದಲಾಗುತ್ತದೆ. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ವಾದ್ಯಗಾರರ ಕಿವಿಗೆ ‘ಟಿಕ್ ಟಿಕ್’ ಎನ್ನುವ ಕ್ಲಿಕ್ ಹಾಕುತ್ತಾರೆ, ಅದರ ಅಂತರವನ್ನು ಫ್ರೇಮಿನಲ್ಲೇ ಅಳೆಯುತ್ತಾರೆ. 12 ಫ್ರೇಮಿಗೊಂದು ಕ್ಲಿಕ್ ಎಂದರೆ ಅರ್ಧ ಸೆಕೆಂಡಿಗೊಂದು ಪೆಟ್ಟು, ನಿಮಿಷಕ್ಕೆ 120. ನಾಲ್ಕು ಪೆಟ್ಟಿನ ಆವರ್ತ ಇಟ್ಟುಕೊಂಡರೆ ಒಂದೊಂದು ಆವರ್ತಕ್ಕೆ 2 ಸೆಕೆಂಡು. ಈಗ ಉದಾಹರಣೆಗೆ, ದೃಶ್ಯದ 11ನೇ ಸೆಕೆಂಡಿನಲ್ಲಿ ಕುದುರೆ ಸವಾರ ಕಾಣಿಸಬೇಕು ಎಂದುಕೊಳ್ಳಿ. ಅಷ್ಟರಲ್ಲಿ ಐದು ಆವರ್ತ ಮುಗಿದು ಆರನೆಯದರಲ್ಲಿ ಎರಡು ಪೆಟ್ಟು ಕಳೆದಿರುತ್ತವೆ. ಮುಖ್ಯ ಒತ್ತು ಬೀಳುವ ಜಾಗ ಅದಲ್ಲ. ಸಂಗೀತವನ್ನು ಎಳೆಯುವುದೋ ಓಡಿಸುವುದೋ ಮಾಡಿದರೆ ಲಯ ಕೆಡುತ್ತದೆ. ಅದರ ಬದಲು ನಡುವೆ ಎಲ್ಲಾದರೂ ಎರಡೇ ಪೆಟ್ಟಿನ ಒಂದು ಗಿಡ್ಡ ಆವರ್ತ ಸೇರಿಸಿಬಿಟ್ಟರೆ 11ನೇ ಸೆಕೆಂಡಿಗೆ ಹೊಸ ಆವರ್ತದ ಮೊದಲ ಪೆಟ್ಟು ಸರಿಯಾಗಿ ಬಂದು ಕೂರುತ್ತದೆ. ಲಯವೂ ಕೆಡಲಿಲ್ಲ, ಕೇಳುಗನ ಲೆಕ್ಕವೂ ತಪ್ಪಿತು, ದೃಶ್ಯಕ್ಕೂ ಒತ್ತು ಸಿಕ್ಕಿತು. ಇದು ನಾನು ವಿವರಣೆಗೆಂದು ಹಾಕಿದ ಲೆಕ್ಕ, ‘ದಿ ಹಂಟ್’ನ ಹಾಳೆಯಿಂದ ತೆಗೆದದ್ದಲ್ಲ. ಆದರೆ ಸಮವಲ್ಲದ ಆವರ್ತಗಳನ್ನು ಗೋಲ್ಡ್‌ಸ್ಮಿತ್ ತಮ್ಮ ವೃತ್ತಿಯುದ್ದಕ್ಕೂ ಇಷ್ಟೊಂದು ಪ್ರೀತಿಸಿದ್ದಕ್ಕೆ ಈ ಅನುಕೂಲವೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ಅಳತೆಗಾಗಿ ಮಾಡಿದ ಹೊಂದಾಣಿಕೆಯನ್ನೇ ಅವರು ಶೈಲಿಯಾಗಿ ಮಾಡಿಕೊಂಡರು.

ಇನ್ನು ತಾಳವಾದ್ಯಗಳು ಏರುವ ಬಗೆ. ಸುಲಭದ ದಾರಿಯೆಂದರೆ ಡೋಲುಗಳನ್ನು ಒಂದರ ಮೇಲೊಂದು ಪೇರಿಸಿ ಸದ್ದು ದೊಡ್ಡದು ಮಾಡುತ್ತ ಹೋಗುವುದು. ಗೋಲ್ಡ್‌ಸ್ಮಿತ್ ಏರಿಸಿದ್ದು ಸದ್ದಿನ ಗಾತ್ರವನ್ನಷ್ಟೇ ಅಲ್ಲ, ಅದರ ಅಪರಿಚಿತತೆಯನ್ನು. ಪಿಯಾನೊದ ಕುಟ್ಟುವಿಕೆಯ ಮೇಲೆ ಮೊದಲು ಸೈಲೋಫೋನಿನ ಒಣಗಿದ ಕಟ್ಟಿಗೆಯಂಥ ಚಟಚಟ, ಜೊತೆಗೆ ಹಿತ್ತಾಳೆ ವಾದ್ಯಗಳ ಇರಿತ. ಗೊರಿಲ್ಲಾ ಮುಖ ತೋರಿಸುವಾಗ ಟಗರಿನ ಕೊಂಬಿನ ಒರಟು ಕೂಗು. ಅದು ಚಿತ್ರದೊಳಗೆ ಯಾವನೋ ಬೇಟೆಗಾರ ಊದಿದ್ದೋ, ಹಿನ್ನೆಲೆಯ ವಾದ್ಯವೃಂದದ ಭಾಗವೋ ಎಂದು ತೀರ್ಮಾನಿಸಲು ನಮಗೆ ಸಮಯವೇ ಇರುವುದಿಲ್ಲ. ಈ ಗೊಂದಲ ದೃಶ್ಯಕ್ಕೆ ತುಂಬಾ ಒಳ್ಳೆಯದನ್ನೇ ಮಾಡಿದೆ: ಅಲ್ಲಿಯವರೆಗೆ ನಮ್ಮ ಕಿವಿಗಷ್ಟೇ ಕೇಳುತ್ತಿದ್ದ ಸಂಗೀತ ಈಗ ಆ ಹೊಲದಲ್ಲೇ ಮೊಳಗಿದಂತಾಗುತ್ತದೆ. ಇಡೀ ಚಿತ್ರಕ್ಕೆ ಎಲೆಕ್ಟ್ರಾನಿಕ್ ವಾದ್ಯ ಬಳಸದೆ, ಪ್ರತಿಧ್ವನಿ ಕೊಡುವ ಟೇಪ್ ಯಂತ್ರವೊಂದನ್ನು ಬಿಟ್ಟರೆ, ಅಡುಗೆಮನೆಯ ಸ್ಟೀಲ್ ಬೋಗುಣಿಗಳವರೆಗೆ ಕೈಗೆ ಸಿಕ್ಕಿದ್ದನ್ನು ಬಡಿದು ಊದಿ ಬೇರೆ ಲೋಕದ ಸದ್ದು ಹುಟ್ಟಿಸಿದ್ದು ಅವರ ದೊಡ್ಡ ಸಾಧನೆ. ಆಸ್ಕರ್‌ಗೆ ನಾಮನಿರ್ದೇಶನವೂ ಸಿಕ್ಕಿತು. ಆ ವರ್ಷದ ಪ್ರಶಸ್ತಿ ‘ದಿ ಲಯನ್ ಇನ್ ವಿಂಟರ್’ಗಾಗಿ ಜಾನ್ ಬ್ಯಾರಿಗೆ ಹೋಯಿತು.

ಒಂದು ಕಡೆ ನನಗೆ ತಕರಾರಿದೆ. ಬ್ರೆಜಿಲ್‌ನ ಕುಯಿಕಾ ಎಂಬ ಚರ್ಮವಾದ್ಯವನ್ನು ಗೋಲ್ಡ್‌ಸ್ಮಿತ್ ಇಲ್ಲಿ ತಂದಿದ್ದಾರೆ. ಅದರ ಒಳಗೆ ಚರ್ಮಕ್ಕೆ ಕಟ್ಟಿದ ಸಣ್ಣ ಕಡ್ಡಿ ಇರುತ್ತದೆ. ಒದ್ದೆ ಬಟ್ಟೆಯಿಂದ ಅದನ್ನು ಉಜ್ಜಿದರೆ ‘ಹೂ ಹೂ’ ಎಂದು ಮಂಗದ ಊಳಿನಂಥ ದನಿ ಹೊರಡುತ್ತದೆ. ಜಾಣತನದ ಆಯ್ಕೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಲೋಕದಲ್ಲಿ ಏಪ್‌ಗಳು ಮಾತಾಡುತ್ತವೆ, ಕುದುರೆ ಏರುತ್ತವೆ, ಬಂದೂಕು ಹಿಡಿಯುತ್ತವೆ. ಊಳಿಡುವ ಸ್ಥಿತಿಗೆ ಇಳಿದವರು ಮನುಷ್ಯರು. ದೃಶ್ಯದ ಆಘಾತ ಇರುವುದೇ ಈ ಅದಲುಬದಲಿನಲ್ಲಿ. ಹಾಗಿರುವಾಗ ವಾದ್ಯ ನಮ್ಮ ಹಳೆಯ ಮಂಗದ ಸದ್ದನ್ನೇ ಕೇಳಿಸಿದರೆ ಚಿತ್ರ ಹೇಳುತ್ತಿರುವುದಕ್ಕಿಂತ ಒಂದು ಹೆಜ್ಜೆ ಹಿಂದೆ ಬಿದ್ದಂತೆ. ಪಿಯಾನೊದ ತಣ್ಣನೆಯ ಶಿಸ್ತು ಆ ಬೇಟೆಗಾರರನ್ನು ಎಷ್ಟು ನಿಖರವಾಗಿ ಹಿಡಿಯುತ್ತದೆಯೋ ಕುಯಿಕಾ ಅಷ್ಟು ಹಿಡಿಯುವುದಿಲ್ಲ.

ಅದೇ 1968ರಲ್ಲಿ ಬಂದ ‘ಬುಲಿಟ್’ ಇದಕ್ಕೆ ಸರಿಯಾಗಿ ತಿರುಗುಮುರುಗು. ಸ್ಯಾನ್ ಫ್ರಾನ್ಸಿಸ್ಕೊದ ಏರುಬೀದಿಗಳಲ್ಲಿ ಎರಡು ಕಾರುಗಳು ಒಂದನ್ನೊಂದು ಹೊಂಚುವಾಗ ಲಾಲೋ ಶಿಫ್ರಿನ್ ಅವರ ಸಂಗೀತ ಮೆಲ್ಲಗೆ ಬಿಗಿಯಾಗುತ್ತ ಬರುತ್ತದೆ. ನಿಜವಾದ ಓಟ ಶುರುವಾದ ಕೂಡಲೇ ನಿಂತುಹೋಗುತ್ತದೆ. ಮುಂದೆ ಎಂಜಿನ್ ಮತ್ತು ಟೈರುಗಳದ್ದೇ ಗದ್ದಲ. ಆ ನಿರ್ಧಾರ ಸರಿಯೇ, ಕಾರಿಗೆ ತನ್ನದೇ ಲಯವಿದೆ. ಜೋಳದ ಹೊಲದಲ್ಲಿ ಬರಿಗಾಲಲ್ಲಿ ಓಡುವ, ಕಿರುಚಲು ಮಾತೂ ಇಲ್ಲದ ಗುಂಪಿಗೆ ಅಂಥ ಸದ್ದು ಇಲ್ಲ. ಸಂಗೀತ ತೆಗೆದರೆ ಅಲ್ಲಿ ಉಳಿಯುವುದು ಪೈರಿನ ಸರಸರ ಮತ್ತು ಆಗೊಂದು ಈಗೊಂದು ಗುಂಡು. ಹೊಲದ ಅಂಚಿನಿಂದ ಅಂಚಿಗೆ ಸಾಲುಗಟ್ಟಿ ಸೋವುತ್ತ ಬರುವವರ ಒಗ್ಗಟ್ಟು ಕಣ್ಣಿಗೆ ಚೂರುಚೂರಾಗಿ ಕಾಣುತ್ತದೆ, ಅದನ್ನು ಒಂದಾಗಿ ಕಟ್ಟಿರುವುದು ಪಿಯಾನೊ.

ಇಂದಿನ ಚಿತ್ರಗಳಲ್ಲಿ ಮರುಕಳಿಸುವ ನುಡಿಕಟ್ಟು, ಅದರ ಮೇಲೆ ಡ್ರಮ್ಮು ಎಂಬುದು ಎಲ್ಲೆಡೆ ಇದೆ. ಆದರೆ ಅದನ್ನು ಮಾಡುವ ಕ್ರಮ ಬೇರೆಯಾಗಿದೆ. ಕಂಪ್ಯೂಟರಿನಲ್ಲಿ ಸಂಕಲನ ನಡೆಯುವುದರಿಂದ ದೃಶ್ಯ ಕೊನೆಯ ಗಳಿಗೆಯವರೆಗೂ ಬದಲಾಗುತ್ತಿರುತ್ತದೆ. ಎಲ್ಲಿ ಬೇಕಾದರೂ ಕತ್ತರಿಸಿ ಅಂಟಿಸಬಹುದಾದ, ನಾಲ್ಕು ಆವರ್ತದ ಸಮನಾದ ತುಂಡುಗಳು ಸಂಕಲನಕಾರನಿಗೆ ಅನುಕೂಲ. ಇಂಥದ್ದನ್ನು ಪತ್ತೆಹಚ್ಚಲು ಒಂದು ಪರೀಕ್ಷೆ ಸಾಕು. ನಡುವಿನಿಂದ ಎಂಟು ಆವರ್ತ ತೆಗೆದುಹಾಕಿ ಕೇಳಿ. ಏನೂ ಕಳೆದುಹೋದಂತೆ ಅನ್ನಿಸದಿದ್ದರೆ ಅಲ್ಲಿ ಕಟ್ಟೋಣವಿಲ್ಲ, ಬರೀ ಭರ್ತಿ ಇದೆ ಎಂದರ್ಥ.

2010ರ ‘ಇನ್‌ಸೆಪ್ಷನ್’ ಚಿತ್ರಕ್ಕೆ ಹಾನ್ಸ್ ಝಿಮ್ಮರ್ ಮಾಡಿದ ‘ಮೊಂಬಾಸಾ’ ಈ ಪೀಳಿಗೆಯ ಅತ್ಯುತ್ತಮ ಮಾದರಿ, ಹಾಗಾಗಿ ಅದನ್ನೇ ಎದುರಿಗಿಟ್ಟು ನೋಡುವುದು ನ್ಯಾಯ. ಚಿತ್ರದಿಂದ ಬಿಡಿಸಿ ಕೇಳಿದಾಗ ಅದು ಮೈ ನವಿರೇಳಿಸುತ್ತದೆ. ಪದರದ ಮೇಲೆ ಪದರ ಬರುವ ಡ್ರಮ್ಮುಗಳ ಆ ಉತ್ಸಾಹ ‘ದಿ ಹಂಟ್’ಗೆ ಬೇಡವೂ ಹೌದು, ಇಲ್ಲವೂ ಹೌದು. ಝಿಮ್ಮರ್ ಈ ಚಿತ್ರದ ಸಂಗೀತದ ಬಹುಭಾಗವನ್ನು ಸಂಕಲಿತ ದೃಶ್ಯ ನೋಡದೆ, ಚಿತ್ರಕಥೆಯ ಆಧಾರದ ಮೇಲೆ ಬರೆದರು. ಅದರ ಫಲ ಎರಡು ಬಗೆಯದು: ಸಂಗೀತ ತನ್ನ ಕಾಲ ಮೇಲೆ ತಾನು ನಿಂತಿದೆ, ದೃಶ್ಯವೂ ತನ್ನಷ್ಟಕ್ಕೆ ಓಡುತ್ತಿದೆ. ಚಿತ್ರದ ನಾಯಕ ಕಾಬ್ ಎರಡು ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಮೈ ತೂರಿಸಲು ಒದ್ದಾಡುವಾಗ, ಇಡೀ ಬೆನ್ನಟ್ಟುವಿಕೆಯಲ್ಲಿ ಓಟ ಸ್ಥಗಿತಗೊಳ್ಳುವ ಆ ಒಂದೇ ಜಾಗದಲ್ಲಿ, ಅದಕ್ಕೆಂದೇ ಅಳೆದು ಇಟ್ಟ ಒಂದು ಪೆಟ್ಟೂ ನನ್ನ ಕಿವಿಗೆ ಸಿಗಲಿಲ್ಲ.