ಪಾಸ್‌ವರ್ಡಿನೊಳಗಿನ ಕೆಂಪು ಹೃದಯ

ಕುರಕುಂಭದ ಎಂಐಡಿಸಿಯಲ್ಲಿ ಕೆಲಸಕ್ಕಿರುವ ಕಲಬುರಗಿಯ ಹುಡುಗನೊಬ್ಬ ತನ್ನ ಮೊಬೈಲಿನಲ್ಲಿ ಪಾಸ್‌ವರ್ಡಿನ ಕೊನೆಗೆ ಕೆಂಪು ಹೃದಯವೊಂದನ್ನು ಸೇರಿಸಿದ ಅಂದುಕೊಳ್ಳಿ. ಸೈಟು ಒಪ್ಪಿತು. ಪಾಳಿ ಮುಗಿಸಿ ಕೋಣೆಗೆ ಬಂದು ಗೆಳೆಯನ ಫೋನಿನಲ್ಲಿ ಅದನ್ನೇ ಒತ್ತಿದರೆ 'ಪಾಸ್‌ವರ್ಡ್ ತಪ್ಪು' ಎಂಬ ಉತ್ತರ ಬರಬಹುದು. ಕಣ್ಣಿಗೆ ಎರಡೂ ಹೃದಯಗಳು ಒಂದೇ. ಒಳಗೆ ಹೋಗುವ ಬೈಟುಗಳು ಮಾತ್ರ ಬೇರೆ:

```
❤   E2 9D A4
❤️  E2 9D A4 EF B8 8F
```

ಕೆಳಗಿನ ಸಾಲಿನ ಕೊನೆಯ ಮೂರು ಬೈಟುಗಳು U+FE0F ಎಂಬ ಕಾಣದ ಗುರುತು. 'ಇದನ್ನು ಬಣ್ಣದಲ್ಲಿ ತೋರಿಸು' ಎನ್ನುವುದಷ್ಟೇ ಅದರ ಕೆಲಸ. ಕೆಲವು ಕೀಬೋರ್ಡುಗಳು ಅದನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಒಂದು ಬೈಟು ಬದಲಾದರೂ ಪಾಸ್‌ವರ್ಡಿನ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ.

ಇಂಥ ತೊಡಕು ಕನ್ನಡಕ್ಕೂ ಇದೆ. 'ಕೊ' ಬರೆಯುವಾಗ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಕೊಡಬಹುದು, ಎರಡು ಚಿಹ್ನೆ ಕೂಡಿಸಿಯೂ ಕೊಡಬಹುದು. ಹ್ಯಾಶ್ ಮಾಡುವ ಮೊದಲು ಯೂನಿಕೋಡ್ ನಾರ್ಮಲೈಸೇಷನ್ ನಡೆಸಿದರೆ ಎರಡೂ ಒಂದಾಗುತ್ತವೆ. ಆದರೆ ಅದು U+FE0F ಅನ್ನು ಮುಟ್ಟುವುದಿಲ್ಲ. ಹೀಗಾಗಿ ಕನ್ನಡಕ್ಕೆ ಸಿಕ್ಕ ಪರಿಹಾರ ಹೃದಯಕ್ಕೆ ಸಿಗದು. ಅಮೆರಿಕದ ಎನ್‌ಐಎಸ್‌ಟಿ ಯೂನಿಕೋಡ್ ಅಕ್ಷರಗಳನ್ನು ಒಪ್ಪಿಕೊಳ್ಳಿ ಎಂದು ಹೇಳಿದರೂ ಅನೇಕ ಸೈಟುಗಳು ಹಿಂಜರಿಯಲು ಇದೊಂದು ನ್ಯಾಯವಾದ ಕಾರಣ. 'ನಮ್ಮ ಡೇಟಾಬೇಸಿನಲ್ಲಿ ಎಮೋಜಿ ಕೂರುವುದಿಲ್ಲ' ಎಂಬ ಕಾರಣವನ್ನು ಮಾತ್ರ ನಾನು ಒಪ್ಪುವುದಿಲ್ಲ. ಸರಿಯಾಗಿ ಕಟ್ಟಿದ ಸೈಟಿನಲ್ಲಿ ಉಳಿಯುವುದು ಹ್ಯಾಶ್ ಮಾತ್ರ, ಎಮೋಜಿ ಅಲ್ಲಿಗೆ ಹೋಗುವುದೇ ಇಲ್ಲ. ಹೋಗುತ್ತಿದ್ದರೆ ಪಾಸ್‌ವರ್ಡನ್ನು ಇದ್ದ ಹಾಗೇ ಬರೆದಿಡುತ್ತಿದ್ದಾರೆ ಎಂದರ್ಥ.

ಉದ್ದದ ಲೆಕ್ಕವೂ ತಪ್ಪುತ್ತದೆ. ಅಪ್ಪ, ಅಮ್ಮ, ಮಗಳಿರುವ 👨‍👩‍👧 ನೋಡಲು ಒಂದೇ ಚಿತ್ರ, ಆದರೆ ಐದು ಕೋಡ್ ಪಾಯಿಂಟುಗಳು ಸೇರಿ 18 ಬೈಟು. ಬಿಕ್ರಿಪ್ಟ್ ಬಳಸುವ ಅನೇಕ ಕಡೆ ಮೊದಲ 72 ಬೈಟು ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಂಥ ನಾಲ್ಕು ಕುಟುಂಬಗಳನ್ನು ಒತ್ತಿದ ಮೇಲೆ ಏನು ಬರೆದರೂ ವ್ಯರ್ಥ.

ಇಷ್ಟು ಪಾಡಿಗೆ ಸಿಗುವ ಲಾಭ ಎಷ್ಟು? ಯೂನಿಕೋಡ್‌ನಲ್ಲಿ 3,700ಕ್ಕೂ ಹೆಚ್ಚು ಎಮೋಜಿಗಳಿವೆ. ಕಣ್ಣುಮುಚ್ಚಿ ಒಂದನ್ನು ಆರಿಸಿದರೆ ಸುಮಾರು 12 ಬಿಟ್ ಎಂಟ್ರೊಪಿ. ಇಂಗ್ಲಿಷ್ ಕೀಬೋರ್ಡಿನ 95 ಚಿಹ್ನೆಗಳಲ್ಲಿ ಹಾಗೇ ಆರಿಸಿದ ಒಂದಕ್ಕೆ ಸುಮಾರು 6.6 ಬಿಟ್, ಎರಡಕ್ಕೆ 13. ಅಂದರೆ ಒಂದು ಎಮೋಜಿಗಿಂತ ಎರಡು ಸಾದಾ ಚಿಹ್ನೆಗಳೇ ಗಟ್ಟಿ. ನಾವು ಆರಿಸುವುದೂ ಕಣ್ಣುಮುಚ್ಚಿ ಅಲ್ಲ, ಆಗಾಗ ಬಳಸುವ ಮೂವತ್ತರೊಳಗಿನಿಂದ. ಆಗ ಸಿಗುವುದು ಐದು ಬಿಟ್ಟೂ ಇಲ್ಲ. ಹಾಗಾಗಿ ಉದ್ದ ಹೆಚ್ಚಿಸುವುದೇ ನನ್ನ ಆಯ್ಕೆ.

ಎಮೋಜಿ ಬೇಕೇ ಬೇಕು ಎನ್ನುವವರು ಹೃದಯ, ಕುಟುಂಬಗಳನ್ನು ಬಿಟ್ಟು ನವಿಲಿನಂಥದ್ದನ್ನು (🦚) ಹಾಕಿಕೊಳ್ಳಿ. ಅದು ಒಂದೇ ಕೋಡ್ ಪಾಯಿಂಟ್, ಬಣ್ಣಕ್ಕೆ U+FE0F ಬೇಕಿಲ್ಲ. ಮೊದಲ ಫೋನಿನಿಂದ ಲಾಗ್‌ಔಟ್ ಆಗುವ ಮುನ್ನ ಬೇರೊಂದು ಫೋನು ಅಥವಾ ಕಂಪ್ಯೂಟರಿನಲ್ಲಿ ಲಾಗಿನ್ ಆಗುತ್ತದೆಯೇ ನೋಡಿಕೊಳ್ಳಿ.