ಬೈದಾಟದ ಕತೆಯನ್ನು ಓದುವುದು ಹೇಗೆ?

ಇಬ್ಬರು ಮುದುಕರು, ರಸ್ತೆ ಬದಿಯ ಒಂದು ಚಹಾದಂಗಡಿ, ಮೊದಲ ಸಾಲಿನಿಂದ ಕೊನೆಯವರೆಗೆ ಬೈದಾಟ. ಇಂಥ ಸಣ್ಣಕತೆಯನ್ನು ಮೊದಲ ಸಲ ಓದುವವರು ನಗುತ್ತಾರೆ, "ಪಾಪ, ಒಳಗೊಳಗೇ ಎಷ್ಟು ಪ್ರೀತಿ" ಎಂದು ಪುಟ ತಿರುವುತ್ತಾರೆ. ಪ್ರೀತಿ ಇದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಅದನ್ನು ಕತೆಗಾರ ಎಲ್ಲಿ ಇಟ್ಟಿದ್ದಾನೆ ಎಂದು ಹುಡುಕುವುದರಲ್ಲೇ ಈ ಬಗೆಯ ಕತೆಯ ರುಚಿ ಇದೆ.

ವಿವರಿಸಲು ಒಂದು ತುಣುಕನ್ನು ನಾನೇ ಕಟ್ಟಿಕೊಡುತ್ತೇನೆ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಅಂಗಡಿ. ಹುಸೇನಸಾಬ ಮೊದಲೇ ಬಂದು ಬಾಕಿನ ಮೇಲೆ ಕುಳಿತಿದ್ದಾನೆ. ಚನಬಸಪ್ಪ ಕೋಲೂರುತ್ತ ಬರುತ್ತಾನೆ.

"ಇನ್ನೂ ಉಳದೀಯೇನಲೇ? ಮೂರು ದಿನಾ ಕಾಣಲಿಲ್ಲ, ಊರಿನ ಪೀಡಾ ಹೋತಂತ ಸಕ್ಕರಿ ಹಂಚಾಂವ ಇದ್ದೆ."

"ನಿನ್ನ ಮಣ್ಣು ಮಾಡದ ನಾ ಎಲ್ಲಿ ಹೋಗ್ಲಿ? ನಿನ್ನ ಕೆಮ್ಮು ನಮ್ಮ ಓಣಿತನಾ ಕೇಳತೈತಿ, ನಿದ್ದಿ ಹತ್ತವಲ್ದು."

"ನೀ ಕಾಲಿಗೆ ಎಣ್ಣಿ ಹಚ್ಚಕೊಂಡೀಯೋ, ಇಲ್ಲಾ ಬಾಟ್ಲಿ ಮಾಡದಾಗಿಟ್ಟು ಪೂಜಾ ಮಾಡಾಕತ್ತೀಯೋ?"

"ನೀ ಕೊಟ್ಟ ಎಣ್ಣಿ ಹಚ್ಚಿದ್ರ ಇನ್ನೊಂದು ಕಾಲೂ ಹೋಗತೈತಿ."

ಅಂಗಡಿಯ ಹುಡುಗ ಚಹಾ ಸೋಸುತ್ತಾನೆ. ಹುಸೇನಸಾಬ ಅವನತ್ತ ತಿರುಗಿ, "ಇವಗ ಸಕ್ಕರಿ ಹಾಕಬ್ಯಾಡಲೇ ತಮ್ಮಾ. ಸತ್ತರ ಹೊರಾಕ ನನ್ನ ಹೆಗಲಿಗೆ ತಾಕತ್ತಿಲ್ಲ" ಎನ್ನುತ್ತಾನೆ.

ಈಗ ಬೈಗುಳವನ್ನು ಪಕ್ಕಕ್ಕಿಡಿ. ಪ್ರತಿ ಮಾತಿಗೂ ಒಂದೇ ಪ್ರಶ್ನೆ ಕೇಳಿ: ಹೀಗೆ ಬೈಯಬೇಕಾದರೆ ಇವನಿಗೆ ಏನೇನು ಗೊತ್ತಿರಬೇಕು? ಮೊದಲ ಮಾತಿನಲ್ಲಿ "ಪೀಡಾ" ಎಂಬುದು ಕಿವಿಗೆ ಬೀಳುತ್ತದೆ, ಆದರೆ ಕತೆ ಇರುವುದು "ಮೂರು ದಿನಾ" ಎಂಬಲ್ಲಿ. ಹುಸೇನಸಾಬ ಮೂರು ದಿನವೂ ಇದೇ ಬಾಕಿನ ಮೇಲೆ ಕುಳಿತು ದಾರಿ ನೋಡಿದ್ದಾನೆ. ಚನಬಸಪ್ಪ ಓಣಿಯಾಚೆಯ ಕೆಮ್ಮನ್ನು ರಾತ್ರಿಯೆಲ್ಲ ಆಲಿಸಿದ್ದಾನೆ. ಎಣ್ಣೆಯ ಬಾಟಲಿ ಯಾರು ಕೊಟ್ಟದ್ದು ಎಂದು ಕತೆಗಾರ ನೇರವಾಗಿ ಹೇಳಿಲ್ಲ, ಮರುಬೈಗುಳದ ಹೊತ್ತಿಗೆ ಅದು ತಾನಾಗಿ ಹೊರಬಿತ್ತು. ಸಕ್ಕರೆ ಕಾಯಿಲೆಯೂ ಹಾಗೆಯೇ, ಯಾರೂ ಅದರ ಹೆಸರೆತ್ತಿಲ್ಲ. ಮೊದಲ ಮಾತಿನಲ್ಲಿ ಸಾವಿಗೆ ಹಂಚಲು ಹೊರಟ ಸಕ್ಕರೆಯನ್ನೇ ಕೊನೆಯಲ್ಲಿ ಗೆಳೆಯನ ಲೋಟಕ್ಕೆ ಬೀಳದಂತೆ ತಡೆದದ್ದನ್ನೂ ಗಮನಿಸಿ. ಮಣ್ಣು ಮಾಡುವ ಮಾತು ಇಬ್ಬರ ನಡುವೆ ಸಲೀಸಾಗಿ ಬರುವುದಕ್ಕೂ ಕಾರಣವಿದೆ. ಮುಸಲ್ಮಾನರಲ್ಲಿರುವಂತೆ ಲಿಂಗಾಯತರಲ್ಲೂ ಹೂಳುವ ಪದ್ಧತಿ. ಒಬ್ಬನ ಗೋರಿಗೆ ಇನ್ನೊಬ್ಬ ಹಿಡಿ ಮಣ್ಣು ಹಾಕುವುದನ್ನು ಇಬ್ಬರೂ ಎಂದೋ ಒಪ್ಪಿಕೊಂಡಿದ್ದಾರೆ.

"ಕತ್ತೆ", "ಗೂಬೆ" ಎಂದಷ್ಟೇ ಬೈಯುವ ಕತೆ ಸಪ್ಪೆಯೆನಿಸುವುದು ಇದಕ್ಕೇ. ಯಾರನ್ನು ಬೇಕಾದರೂ ಬೈಯಬಹುದಾದ ಮಾತಿಗೆ ಗೆಳೆತನ ಬೇಕಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ: ಸಂಭಾಷಣೆಯಲ್ಲಿ ಇಬ್ಬರ ಹೆಸರನ್ನು ಅದಲುಬದಲು ಮಾಡಿ. ಮಾತುಗಳು ಆಗಲೂ ಹೊಂದಿಕೊಂಡರೆ ಕತೆಗಾರನಿಗೆ ತನ್ನ ಮುದುಕರ ಪರಿಚಯ ಸಾಲದು.

ಇನ್ನು ಬೈಯದೆ ಬಿಟ್ಟ ಮಾತು. ಹೊಸ ಓದುಗರು ತಪ್ಪಿಸಿಕೊಳ್ಳುವುದು ಇದನ್ನೇ, ನನ್ನ ಮಟ್ಟಿಗೆ ಕತೆಯ ಜೀವವೂ ಇದೇ. ನಮ್ಮ ತುಣುಕನ್ನು ಮುಂದುವರಿಸೋಣ. ಹುಡುಗ ಲೋಟ ಕೊಡುತ್ತ, "ಅಜ್ಜಾರ, ಪುಣೆದಿಂದ ಮಗಾ ಬರ್ತಾನಂದಿದ್ರಲ್ರೀ, ಬಂದಾನೇನ್ರೀ?" ಎಂದು ಕೇಳುತ್ತಾನೆ. ಚನಬಸಪ್ಪ ಬಾಯಿ ತೆರೆಯುವ ಮೊದಲೇ ಹುಸೇನಸಾಬ ಅಬ್ಬರಿಸುತ್ತಾನೆ: "ಏನ್ ಚಾ ಮಾಡೀದಿಲೇ ಇದು? ಎಮ್ಮಿ ಮೈ ತೊಳದ ನೀರು!" ಚಹಾದಲ್ಲಿ ಯಾವ ದೋಷವೂ ಇಲ್ಲ. ಮಗ ಬಂದಿಲ್ಲ ಎಂದು ಹುಸೇನಸಾಬನಿಗೆ ಗೊತ್ತು. ಗೆಳೆಯ ಅದನ್ನು ಬಾಯಿಬಿಟ್ಟು ಹೇಳಬೇಕಾದ ಪ್ರಸಂಗವನ್ನು ಅವನು ತಪ್ಪಿಸಿದ. ಕಾಲು, ಕಾಯಿಲೆ, ಸಾವು ಎಲ್ಲವನ್ನೂ ಆಡಿಕೊಳ್ಳುವವನು ಮಗನ ವಿಷಯವನ್ನು ಮಾತ್ರ ಮುಟ್ಟುವುದಿಲ್ಲ. ಆದ್ದರಿಂದ ಓದುವಾಗ ಬೈಗುಳ ಯಾವುದರ ಸುತ್ತ ಬಳಸಿಕೊಂಡು ಹೋಗುತ್ತಿದೆ ಎಂದು ಗುರುತಿಸಿ. ದನಿ ಇದ್ದಕ್ಕಿದ್ದಂತೆ ಏರಿದ ಕಡೆ ಅಥವಾ ಮಾತು ಕಾರಣವಿಲ್ಲದೆ ಹೊರಳಿದ ಕಡೆ ಗಾಯವಿರುತ್ತದೆ.

ಈ ಗೆರೆ ದಾಟಿದರೆ ಏನಾಗುತ್ತದೆಂಬುದನ್ನು ಪ್ರೇಮಚಂದರ 'ಶತರಂಜ್ ಕೆ ಖಿಲಾಡಿ' ತೋರಿಸುತ್ತದೆ. ಲಖನೌದ ಮಿರ್ಜಾ ಮತ್ತು ಮೀರ್ ಚದುರಂಗದ ಗೀಳಿನ ಗೆಳೆಯರು. ಆಟದ ನಡೆಯ ಬಗ್ಗೆ ಶುರುವಾದ ಜಗಳ ಹಿರಿಯರ ಮೇಲೆ ತಿರುಗುತ್ತದೆ, ನಿಮ್ಮವರು ಹುಲ್ಲು ಕೊಯ್ಯುತ್ತಿದ್ದರು, ನಿಮ್ಮವರು ಅಡಿಗೆ ಮಾಡುತ್ತಿದ್ದರು ಎಂದು. ಕತ್ತಿಗಳು ಹೊರಬರುತ್ತವೆ, ಇಬ್ಬರೂ ಸಾಯುತ್ತಾರೆ. ಸತ್ಯಜಿತ್ ರಾಯ್ 1977ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಕೊನೆಯನ್ನು ಬದಲಿಸಿದರು. ಅಲ್ಲಿ ಗುಂಡು ಹಾರಿದರೂ ಇಬ್ಬರೂ ಉಳಿಯುತ್ತಾರೆ, ಮತ್ತೆ ಆಟಕ್ಕೆ ಕೂರುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ, ಗೆಳೆಯರ ಬೈದಾಟಕ್ಕೆ ಎಷ್ಟು ಕಟ್ಟುನಿಟ್ಟಾದ ಎಲ್ಲೆಯಿದೆ ಎಂದು ತಿಳಿಯುತ್ತದೆ. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1940ರ ಲೇಖನವೊಂದರಲ್ಲಿ ಇಂಥ ಕೆಣಕಾಟದ ಸಂಬಂಧಗಳನ್ನು ಚರ್ಚಿಸಿದ್ದಾರೆ. ಕೆಣಕಲು ರೂಢಿಯ ಒಪ್ಪಿಗೆಯಿದೆ, ಕೆಣಕಿಸಿಕೊಂಡವನು ಸಿಟ್ಟಾಗುವಂತಿಲ್ಲ. ನಮ್ಮಲ್ಲಿ ಭಾವ ಭಾವಮೈದುನರ ನಡುವೆ ಇರುವ ಸಲುಗೆ ಇದೇ ಬಗೆಯದು. ಗೆಳೆಯರು ನೆಂಟಸ್ತನವಿಲ್ಲದೆ ಆ ಸಲುಗೆಯನ್ನು ಗಳಿಸಿಕೊಂಡಿರುತ್ತಾರೆ, ಹಾಗಾಗಿ ಕಳೆದುಕೊಳ್ಳುವ ಅಪಾಯವೂ ಹೆಚ್ಚು. ಹುಸೇನಸಾಬ ಒಂದು ದಿನ "ಬರ್ರೀ ಚನಬಸಪ್ಪನವರ, ಕುಂದರ್ರೀ" ಎಂದರೆ ಓದುಗರು ಗಾಬರಿಯಾಗಬೇಕು. ಆ ಮರ್ಯಾದೆಗಿಂತ ಕಟುವಾದ ಬೈಗುಳ ಇಡೀ ಕತೆಯಲ್ಲಿ ಇರಲಾರದು.

ಕತೆ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, "ಅವನ ಕಣ್ಣಲ್ಲಿ ನೀರಾಡಿತು" ಎಂದು ಕತೆಗಾರ ನಡುವೆ ಬಾಯಿ ಹಾಕಿದಾಗ. ಮುದುಕರು ಅಷ್ಟು ಜತನದಿಂದ ಮುಚ್ಚಿಟ್ಟದ್ದನ್ನು ಅವನೇ ಬಿಚ್ಚಿಟ್ಟಂತಾಗುತ್ತದೆ. ಇನ್ನೊಂದು, ಕೊನೆಯಲ್ಲಿ ಒಬ್ಬನನ್ನು ಸಾಯಿಸಿ ಖಾಲಿ ಬಾಕನ್ನು ತೋರಿಸಿದಾಗ. ಅಳುವುದು ಸುಲಭ, ಆದರೆ ಆ ಕಣ್ಣೀರನ್ನು ತರಿಸಿದ್ದು ಸಾವು, ಗೆಳೆತನವಲ್ಲ. ಹುಸೇನಸಾಬ ಎರಡು ಚಹಾದ ದುಡ್ಡು ಕೊಟ್ಟು, "ನಾಳೆ ನೀ ಕೊಡಬೇಕು, ನೆಪ್ಪಿರಲಿ ಕಂಜೂಸಾ" ಎಂದು ಬೈದು ಎದ್ದು ಹೋದರೆ ಸಾಕು. ನಾಳೆಯೂ ಬಾ ಎಂದು ಅವನು ಹೇಳಿಯಾಯಿತು.

ಇಂಥ ಕತೆ ಕೈಗೆ ಸಿಕ್ಕಾಗ ಕಣ್ಣಲ್ಲಿ ಓದಿ ಮುಗಿಸಬೇಡಿ. ಆ ಭಾಗದ ಕನ್ನಡ ಆಡುವವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು, ಮಾತುಗಳನ್ನು ಹಂಚಿಕೊಂಡು, ಗಟ್ಟಿಯಾಗಿ ಓದಿ.