ಮೂರು ಸೆಕೆಂಡಿನ ಓಟ, ತಿರುವಿನ ಸುಂಕ

2019ರ ಜುಲೈ 10ರಂದು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ನೇರವಾಗಿ ಸ್ಟಂಪಿಗೆ ಬಡಿದಾಗ ಮಹೇಂದ್ರ ಸಿಂಗ್ ಧೋನಿಯ ಬ್ಯಾಟು ಕ್ರೀಸಿನಿಂದ ಕೂದಲೆಳೆಯಷ್ಟು ಹೊರಗಿತ್ತು. ವಿಶ್ವಕಪ್ ಸೆಮಿಫೈನಲ್, 49ನೆಯ ಓವರು, ಗುರಿ 240. ಒಂದು ರನ್ ಮುಗಿಸಿ ಎರಡನೆಯದಕ್ಕೆ ಮರಳಿ ಬರುತ್ತಿದ್ದ ಧೋನಿ 50ಕ್ಕೆ ಔಟಾದರು, ಭಾರತ 18 ರನ್‌ಗಳಿಂದ ಸೋತಿತು. ಅಂದಿನಿಂದ ಇಂದಿನವರೆಗೂ ಆ ಔಟಿನ ಬಗ್ಗೆ ಕೇಳಿಬರುವುದು ಒಂದೇ ಪ್ರಶ್ನೆ: ಡೈವ್ ಯಾಕೆ ಹೊಡೆಯಲಿಲ್ಲ? ಆ ಮಾತು ತಮ್ಮನ್ನೂ ಕಾಡಿದೆ ಎಂದು ಧೋನಿಯೇ ನಂತರ ಹೇಳಿಕೊಂಡರು.

ಪ್ರಶ್ನೆ ತಪ್ಪಲ್ಲ. ಆದರೆ ವಿಕೆಟ್‌ಗಳ ನಡುವಿನ ಓಟವನ್ನು ನಾವು ತೂಗುವ ಕ್ರಮದಲ್ಲಿರುವ ದೋಷ ಅದರಲ್ಲಿ ಪೂರ್ತಿಯಾಗಿ ಕಾಣುತ್ತದೆ. ವೀಕ್ಷಕ ವಿವರಣೆಗಾರರು, ತರಬೇತುದಾರರು, ಗ್ಯಾಲರಿಯಲ್ಲಿ ಕೂತ ನಾವು, ಎಲ್ಲರೂ ಓಟದ ಕೊನೆಯ ಎರಡು ಮೀಟರನ್ನು ನೋಡಿ ತೀರ್ಪು ಕೊಡುತ್ತೇವೆ. ಸಮಯ ಖರ್ಚಾಗುವುದು ಬೇರೆ ಕಡೆ. ಎಲ್ಲಿ, ಎಷ್ಟು ಎಂದು ಲೆಕ್ಕ ಹಾಕಿ ನೋಡಿದರೆ ಯಾವ ಓಟ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಅಭಿಪ್ರಾಯವೇ ಬದಲಾಗುತ್ತದೆ.

ಮೊದಲು ದೂರ. ಪಿಚ್ 22 ಗಜ ಎಂದು ಎಲ್ಲರೂ ಹೇಳುತ್ತೇವೆ. ಅದು ಸ್ಟಂಪಿನಿಂದ ಸ್ಟಂಪಿಗೆ ಇರುವ ಅಳತೆ, 20.12 ಮೀಟರ್. ಓಡುವವನಿಗೆ ಬೇಕಾದದ್ದು ಪಾಪಿಂಗ್ ಕ್ರೀಸಿನಿಂದ ಪಾಪಿಂಗ್ ಕ್ರೀಸಿಗೆ ಇರುವ ದೂರ. ಎರಡೂ ತುದಿಯಲ್ಲಿ ಆ ಗೆರೆ ಸ್ಟಂಪಿಗಿಂತ ನಾಲ್ಕು ಅಡಿ ಮುಂದಿದೆ, ಆದ್ದರಿಂದ ಉಳಿಯುವುದು 58 ಅಡಿ, 17.68 ಮೀಟರ್. ಅಷ್ಟನ್ನೂ ಮೈ ಕ್ರಮಿಸಬೇಕಾಗಿಲ್ಲ. ಬ್ಯಾಟಿನ ಉದ್ದ 38 ಇಂಚಿನವರೆಗೆ ಇರಬಹುದು. ತೋಳು ಚಾಚಿ ಬ್ಯಾಟಿನ ತುದಿಯನ್ನು ನೆಲಕ್ಕೆ ತಾಗಿಸಿಕೊಂಡು ಬರುವವನ ಸೊಂಟ ಕ್ರೀಸಿನಿಂದ ಹೆಚ್ಚು ಕಡಿಮೆ 1.7 ಮೀಟರ್ ಹಿಂದಿರುವಾಗಲೇ ಬ್ಯಾಟು ಗೆರೆಗೆ ತಲುಪಿರುತ್ತದೆ. ಗೆರೆ ಮುಟ್ಟಿದರೆ ಸಾಲದು, ದಾಟಬೇಕು. ಗೆರೆಯ ಮೇಲಿದ್ದರೆ ಔಟೇ. ಹೀಗಾಗಿ ಒಂಟಿ ರನ್ನಿಗೆ ಮೈ ಓಡುವುದು ಸುಮಾರು 16 ಮೀಟರ್.

ಪ್ಯಾಡು ಕಟ್ಟಿಕೊಂಡು, ಕೈಯಲ್ಲಿ ಬ್ಯಾಟು ಹಿಡಿದ ಒಳ್ಳೆಯ ಓಟಗಾರ ಸೆಕೆಂಡಿಗೆ 7 ಮೀಟರಿನ ವೇಗ ಮುಟ್ಟುತ್ತಾನೆ ಎಂದುಕೊಳ್ಳೋಣ. ಆ ವೇಗ ಮೊದಲ ಹೆಜ್ಜೆಯಲ್ಲೇ ಸಿಗುವುದಿಲ್ಲ. ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ವೇಗ ಏರಿಸಿಕೊಳ್ಳಬಲ್ಲ ಎಂದರೆ, ಪೂರ್ಣ ವೇಗಕ್ಕೆ ಬರಲು 1.4 ಸೆಕೆಂಡು ಬೇಕು. ಅಷ್ಟರಲ್ಲಿ ಅವನು ಕ್ರಮಿಸುವುದು 4.9 ಮೀಟರ್. ಉಳಿದ 11.1 ಮೀಟರನ್ನು ಪೂರ್ಣ ವೇಗದಲ್ಲಿ ಓಡಲು 1.6 ಸೆಕೆಂಡು. ಒಟ್ಟು ಮೂರು ಸೆಕೆಂಡು. ವಾಸ್ತವದಲ್ಲಿ ವೇಗ ಹೀಗೆ ಒಂದೇ ಸಮನೆ ಏರಿ ತಟ್ಟನೆ ನಿಲ್ಲುವುದಿಲ್ಲ, ಮೊದಲು ಜೋರಾಗಿ ಏರಿ ಆಮೇಲೆ ನಿಧಾನವಾಗುತ್ತದೆ. ಆ ರೀತಿ ಲೆಕ್ಕ ಹಾಕಿದರೂ ಉತ್ತರ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಮಾತ್ರ ಅತ್ತಿತ್ತ ಆಗುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿದರೆ ವಿಷಯ ಸ್ಪಷ್ಟವಾಗುತ್ತದೆ. 16 ಮೀಟರನ್ನು ಮೊದಲಿನಿಂದಲೇ ಪೂರ್ಣ ವೇಗದಲ್ಲಿ ಓಡಿದ್ದರೆ 2.3 ಸೆಕೆಂಡು ಸಾಕಿತ್ತು. ಮಿಕ್ಕ 0.7 ಸೆಕೆಂಡು ನಿಂತಲ್ಲಿಂದ ಹೊರಟದ್ದಕ್ಕೆ ತೆತ್ತ ಸುಂಕ. ಈಗ ಓಟಗಾರನ ಗರಿಷ್ಠ ವೇಗವನ್ನು 7ರಿಂದ 8 ಮೀಟರಿಗೆ ಏರಿಸಿ ನೋಡಿ. ಅದು ವರ್ಷಗಟ್ಟಲೆ ಕಸರತ್ತು ಮಾಡಿದರೂ ಬಹಳ ಮಂದಿಗೆ ಸಿಗದ ಏರಿಕೆ. ಅದರಿಂದ ಒಂಟಿ ರನ್ನಿನಲ್ಲಿ ಉಳಿಯುವುದು 0.2 ಸೆಕೆಂಡು. ‘ಓಡಲೋ ಬೇಡವೋ’ ಎಂದು ಕಾಲಿನ ಮೇಲೆ ನಿಂತು ಅನುಮಾನಿಸುವ ಒಂದು ಕ್ಷಣ ಅದನ್ನು ಪೂರ್ತಿಯಾಗಿ ತಿಂದುಹಾಕುತ್ತದೆ.

ಹಾಗಾಗಿ ಸಿಂಗಲ್ಲನ್ನು ಕಾಲಿನ ಬಲವೆಂದು ಹೊಗಳುವುದನ್ನು ನಾನು ಒಪ್ಪುವುದಿಲ್ಲ. ಅದು ಬಹುಪಾಲು ಹೊರಡುವ ಕಲೆ, ಮತ್ತು ಅದರಲ್ಲಿ ಇಬ್ಬರ ಪಾಲು ಸಮನಲ್ಲ. ನಾನ್ ಸ್ಟ್ರೈಕರ್ ತುದಿಯಲ್ಲಿರುವವನು ಬೌಲರ್ ಚೆಂಡು ಬಿಟ್ಟ ಮೇಲೆ ನಡೆಯತೊಡಗಿದರೂ, ವೇಗದ ಚೆಂಡು ಬ್ಯಾಟಿಗೆ ತಲುಪುವ ಅರ್ಧ ಸೆಕೆಂಡಿನಲ್ಲಿ ಸುಮಾರು ಒಂದು ಮೀಟರ್ ಮುಂದೆ ಬಂದಿರುತ್ತಾನೆ. ಇದಕ್ಕೆ ನಿಯಮ ಮುರಿಯಬೇಕಾಗಿಲ್ಲ. 2022ರ ಅಕ್ಟೋಬರಿನಿಂದ, ಚೆಂಡು ಬಿಡುವ ಮುನ್ನ ಹೊರಬಂದವನನ್ನು ಔಟ್ ಮಾಡುವುದು ಸಾಮಾನ್ಯ ರನ್ ಔಟಿನ ನಿಯಮದಡಿಯಲ್ಲೇ ಬಂದಿರುವಾಗ, ಬಿಟ್ಟ ಮೇಲೆ ನಡೆಯುವ ಶಿಸ್ತೇ ಲಾಭದ್ದು. ಒಂದು ಮೀಟರ್ ಕಡಿಮೆ ದೂರ, ಸೆಕೆಂಡಿಗೆ 2 ಮೀಟರಿನ ನಡಿಗೆಯ ವೇಗ ಮೊದಲೇ ಕೈಯಲ್ಲಿ: ಅವನಿಗೆ ಬೇಕಾಗುವುದು 2.5 ಸೆಕೆಂಡು. ಸ್ಟ್ರೈಕರ್ ಹೊಡೆತ ಮುಗಿಸಬೇಕು, ಮೈಯ ತೂಕ ಮುಂದಕ್ಕೆ ತರಬೇಕು, ಕರೆ ಕೊಡಬೇಕು ಅಥವಾ ಕೇಳಬೇಕು. ಅದಕ್ಕೆ 0.3 ಸೆಕೆಂಡು ಸೇರಿಸಿದರೆ 3.3. ಒಂದೇ ರನ್ನಿನಲ್ಲಿ ಇಬ್ಬರ ನಡುವೆ ಸುಮಾರು 0.8 ಸೆಕೆಂಡಿನ ಅಂತರ. ಅಪಾಯ ಇರುವುದು ಸ್ಟ್ರೈಕರ್ ಓಡಿಹೋಗುವ ಬೌಲರ್ ತುದಿಯಲ್ಲಿ. ಹತ್ತಿರವೆಂದು ಕೀಪರ್ ಕಡೆಗೇ ಎಸೆಯುವ ಫೀಲ್ಡರ್ ಅವಕಾಶ ಕಳೆದುಕೊಳ್ಳುವುದು ಇದಕ್ಕೇ. ನಾನ್ ಸ್ಟ್ರೈಕರ್ ಕ್ರೀಸಿನೊಳಗೆ ಬ್ಯಾಟೂರಿ ನಿಂತಿದ್ದರೆ ಈ ಲಾಭವೆಲ್ಲ ಇಲ್ಲವಾಗುತ್ತದೆ. ಆದರೂ ಸಿಂಗಲ್ ತಪ್ಪಿದಾಗ ನಾವು ಬೈಯುವುದು ಓಡಿ ಔಟಾದವನನ್ನು, ನಿಂತಿದ್ದವನನ್ನು ಅಲ್ಲ.

ಪಿಚ್ಚಿನ ಪಕ್ಕಕ್ಕೆ ಸರಿದು ಓಡಿದರೆ ದೂರ ಹೆಚ್ಚುತ್ತದೆ ಎಂಬ ಭಯವೂ ಹುಡುಗರಲ್ಲಿ ಇದೆ. 16 ಮೀಟರಿನ ಓಟದಲ್ಲಿ ಒಂದು ಮೀಟರ್ ಪಕ್ಕಕ್ಕೆ ಓರೆಯಾಗಿ ಹೋದರೆ ಹೆಚ್ಚಾಗುವುದು ಮೂರು ಸೆಂಟಿಮೀಟರ್. ಬೌಲರನ್ನೂ ಪಿಚ್ಚಿನ ನಡುಭಾಗವನ್ನೂ ಬಿಟ್ಟು ನಿಶ್ಚಿಂತೆಯಿಂದ ಓಡಬಹುದು.

ಇನ್ನು ತಿರುವು. ಓಲ್ಡ್ ಟ್ರಾಫರ್ಡ್‌ನ ಓಟದ ಮೌಲ್ಯಮಾಪನ ನಡೆಯಬೇಕಾದದ್ದು ಇಲ್ಲಿ. ಏಳು ಮೀಟರ್ ವೇಗದಲ್ಲಿ ಬರುತ್ತಿರುವವನು ಸೊನ್ನೆಗೆ ಇಳಿಯಬೇಕು, ಮೈ ಹೊರಳಿಸಬೇಕು, ಮತ್ತೆ ಏಳಕ್ಕೆ ಏರಬೇಕು. ಸೆಕೆಂಡಿಗೆ 6 ಮೀಟರಿನಂತೆ ವೇಗ ಇಳಿಸಿದರೂ ನಿಲ್ಲಲು ನಾಲ್ಕು ಮೀಟರ್ ಬೇಕು, ಅದರಲ್ಲಿ ನಷ್ಟ ಸುಮಾರು 0.6 ಸೆಕೆಂಡು. ಕಾಲೂರಿ ಹೊರಳಲು 0.2. ಮತ್ತೆ ಹೊರಡುವ ಸುಂಕ, ಹಿಂದಿನಷ್ಟೇ, 0.7. ಒಂದು ತಿರುವಿನ ಬೆಲೆ ಒಂದೂವರೆ ಸೆಕೆಂಡು. ಹೀಗೆ ಎರಡು ರನ್ನಿಗೆ ಒಟ್ಟು ಆರೂವರೆ ಸೆಕೆಂಡು ಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೊರಡುವುದಕ್ಕೂ ತಿರುಗುವುದಕ್ಕೂ ಹೋಗುತ್ತದೆ.

ಈ ಬೆಲೆಯಲ್ಲಿ ಸ್ವಲ್ಪ ಮರಳಿ ಪಡೆಯುವ ದಾರಿ ಬ್ಯಾಟಿನಲ್ಲೇ ಇದೆ. ಮೊಣಕಾಲು ಬಗ್ಗಿಸಿ, ತಗ್ಗಾಗಿ, ತೋಳು ಪೂರ್ತಿ ಚಾಚಿ ಬ್ಯಾಟನ್ನು ಮಾತ್ರ ಗೆರೆಯಾಚೆ ತಾಗಿಸಿ ತಿರುಗಿದವನ ಮೈ ಕ್ರೀಸಿಗೆ 1.7 ಮೀಟರ್ ಮುಂಚೆಯೇ ಹಿಂದಿರುಗುತ್ತದೆ. ಹೋಗುವಾಗಲೂ ಬರುವಾಗಲೂ ಅಷ್ಟು ಉಳಿತಾಯ. ನೆಟ್ಟಗೆ ನಿಂತು ಕಾಲನ್ನೇ ಕ್ರೀಸಿಗೆ ಊರಿ ತಿರುಗಿದವನು 3.4 ಮೀಟರ್ ಹೆಚ್ಚು ಓಡುತ್ತಾನೆ, ಅಂದರೆ ಅರ್ಧ ಸೆಕೆಂಡು. ಆ 1.7 ಮೀಟರಿನಲ್ಲಿ ಅರ್ಧ ಮಾತ್ರ ಚಾಚಿದರೆ ಕಾಲು ಸೆಕೆಂಡು ನಷ್ಟ.

ಡೈವ್‌ನಿಂದ ಸಿಗುವುದೆಷ್ಟು? ಗಾಳಿಯಲ್ಲಿದ್ದಾಗ ವೇಗ ಹೆಚ್ಚುವುದಿಲ್ಲ. ಮುಂಡ, ತೋಳು, ಬ್ಯಾಟು ಒಂದೇ ಸಾಲಿಗೆ ಬರುವುದರಿಂದ ಬ್ಯಾಟಿನ ತುದಿ ಅರ್ಧ ಮೀಟರ್ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಏಳು ಮೀಟರ್ ವೇಗದಲ್ಲಿ ಅದು 0.07 ಸೆಕೆಂಡು. ಬೇಗ ಹಾರಿ ಕ್ರೀಸಿಗೆ ಮೊದಲೇ ನೆಲಕ್ಕೆ ಬಿದ್ದರೆ ಉಜ್ಜಾಟದಲ್ಲಿ ಅದೂ ಹೋಗುತ್ತದೆ. ಒಮ್ಮೆ ಗೆರೆಯಾಚೆ ಊರಿದ ಬ್ಯಾಟು ಓಟದ ರಭಸಕ್ಕೆ ಪುಟಿದೆದ್ದರೂ ಔಟಲ್ಲ ಎಂಬ 2017ರ ನಿಯಮ ಬಂದ ಮೇಲೆ ಡೈವ್‌ನ ಒಂದು ಅಪಾಯ ಕಡಿಮೆಯಾಗಿದೆ, ನಿಜ. ಧೋನಿಗೆ ಬೇಕಿದ್ದದ್ದು ಕೆಲವೇ ಸೆಂಟಿಮೀಟರ್ ಆದ್ದರಿಂದ ಅರ್ಧ ಮೀಟರಿನ ಡೈವ್ ಆ ದಿನ ಅವರನ್ನು ಉಳಿಸುತ್ತಿತ್ತು ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟೇ ಸೆಂಟಿಮೀಟರ್‌ಗಳು ಮೊದಲ ಹೆಜ್ಜೆಯಲ್ಲೂ ಆಚೆ ತುದಿಯ ತಿರುವಿನಲ್ಲೂ ಇದ್ದವು, ಅಲ್ಲಿ ಅವು ಹಲವು ಪಟ್ಟು ಅಗ್ಗವಾಗಿ ಸಿಗುತ್ತವೆ. ಮೂವತ್ತೆಂಟು ತುಂಬಿ ಮೂರು ದಿನವಾಗಿದ್ದ, ಸ್ಟ್ರೈಕ್ ತಾನೇ ಉಳಿಸಿಕೊಳ್ಳಲು ಎರಡನೆಯ ರನ್ನಿಗೆ ಓಡಲೇಬೇಕಾಗಿದ್ದ ಒಬ್ಬ ಬ್ಯಾಟ್ಸ್‌ಮನ್‌ನನ್ನು ಕೊನೆಯ ಹಾರಿಕೆಯೊಂದರಿಂದ ಅಳೆಯುವುದು ನ್ಯಾಯವಲ್ಲ.

ಇಷ್ಟು ಸಣ್ಣ ಅಂತರಗಳು ಬರಿಗಣ್ಣಿಗೆ ದಕ್ಕುವುದಿಲ್ಲ. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರದಿಂದ ಮುಂದಿನದಕ್ಕೆ ಓಟಗಾರ 28 ಸೆಂಟಿಮೀಟರ್ ಸರಿದಿರುತ್ತಾನೆ. ಬೇಲ್ಸ್ ಕದಲಿದ್ದೂ ಬ್ಯಾಟು ದಾಟಿದ್ದೂ ಎರಡು ಚಿತ್ರಗಳ ನಡುವೆ ಬಿದ್ದರೆ ಥರ್ಡ್ ಅಂಪೈರಿಗೂ ತಿಳಿಯದು. ಅತಿವೇಗದ ಕ್ಯಾಮೆರಾ ಮತ್ತು ಬೆಳಗುವ ಬೇಲ್ಸ್ ಬಂದದ್ದು ಈ ಕೊರತೆ ತುಂಬಲು.

ತರಬೇತಿಯ ಬಗ್ಗೆ ನನ್ನ ತಕರಾರು ಇಲ್ಲೇ ಹುಟ್ಟುತ್ತದೆ. ಭಾರತದ ಆಟಗಾರರಿಗೆ ನಡೆಸಿದ ಯೋ-ಯೋ ಪರೀಕ್ಷೆಯಲ್ಲಿ 20 ಮೀಟರ್ ಹೋಗಿ 20 ಮೀಟರ್ ಮರಳಬೇಕು, ಪ್ರತಿ ಸುತ್ತಿನ ನಂತರ 10 ಸೆಕೆಂಡು ವಿರಾಮ. ದಮ್ಮು ಎಷ್ಟಿದೆ ಎಂದು ತಿಳಿಯಲು ಅದು ಒಳ್ಳೆಯ ಪರೀಕ್ಷೆ. ಕ್ರಿಕೆಟ್ಟಿನ ತಿರುವನ್ನು ಅದು ಅಳೆಯುವುದಿಲ್ಲ. ಅಲ್ಲಿ ಬ್ಯಾಟಿಲ್ಲ, ಗೆರೆಗೆ ಕಾಲೇ ಹೋಗಬೇಕು, ಚೆಂಡಿನ ಮೇಲೆ ಕಣ್ಣಿಡುವ ಅಗತ್ಯವಿಲ್ಲ. ತಿರುವಿನಲ್ಲಿ ಎದೆ ಚೆಂಡಿರುವ ದಿಕ್ಕಿಗಿರಬೇಕು. ಬಲಗೈ ಬ್ಯಾಟ್ಸ್‌ಮನ್ ಲೆಗ್ ಸೈಡಿಗೆ ಆಡಿ ಆಚೆ ತುದಿಗೆ ಓಡಿದರೆ ಬ್ಯಾಟು ಬಲಗೈಯಲ್ಲಿರಬೇಕು, ಆಗ ಮೈ ತಾನಾಗಿ ಎಡಕ್ಕೆ ತೆರೆದುಕೊಂಡು ಫೀಲ್ಡರ್ ಕಾಣುತ್ತಾನೆ. ಆಫ್ ಸೈಡಿಗೆ ಆಡಿದ್ದರೆ ಎಡಗೈ. ಕೈ ಬದಲಿಸದೆ ಬೆನ್ನು ಹಾಕಿ ತಿರುಗಿದವನು ಚೆಂಡನ್ನು ಹುಡುಕುವಷ್ಟರಲ್ಲಿ ಎರಡನೆಯ ರನ್ನಿನ ನಿರ್ಧಾರ ತಡವಾಗಿರುತ್ತದೆ.

ಇದನ್ನು ಯಾವ ಊರಿನ ಮೈದಾನದಲ್ಲೂ ಅಳೆಯಬಹುದು. ಕ್ರೀಸಿನಿಂದ ಆರು ಮೀಟರ್ ಈಚೆ ಒಂದು ಗುರುತು ಹಾಕಿ. ಪೂರ್ಣ ವೇಗದಲ್ಲಿ ಬರುವ ಓಟಗಾರನ ಸೊಂಟ ಆ ಗುರುತು ದಾಟಿ, ತಿರುಗಿ, ಮತ್ತೆ ಅದೇ ಗುರುತಿಗೆ ಬರುವ ತನಕ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ಸೆಕೆಂಡಿಗೆ 240 ಚಿತ್ರವಿದ್ದರೆ ಒಂದೊಂದು ಚಿತ್ರಕ್ಕೆ ಓಟ ಮೂರು ಸೆಂಟಿಮೀಟರ್ ಮಾತ್ರ. ಮೇಲಿನ ಲೆಕ್ಕದ ಓಟಗಾರ ಬ್ಯಾಟು ಚಾಚಿ ತಿರುಗಿದರೆ 2.7 ಸೆಕೆಂಡು ಬರಬೇಕು. 3.2 ಬಂದರೆ ಅವನು ಕಾಲೂರಿ ತಿರುಗುತ್ತಿದ್ದಾನೆ. ಅವೆರಡರ ನಡುವೆ ಬಂದರೆ ಚಿತ್ರವನ್ನು ತಿರುವಿನ ಜಾಗದಲ್ಲಿ ನಿಲ್ಲಿಸಿ, ಮೊದಲು ಮೊಣಕೈಯನ್ನೂ ಆಮೇಲೆ ಮೊಣಕಾಲನ್ನೂ ನೋಡಬೇಕು.